ಕೊಳ್ಳೋದೋ, ಜೋಡಿಸಿಕೊಳ್ಳೋದೋ, ಬರೆಸೋದೋ? ದಾವಣಗೆರೆಯ ಹೋಲ್‌ಸೇಲ್ ಕಿರಾಣಿ ಅಂಗಡಿಗೆ ಸಾಫ್ಟ್‌ವೇರ್ ಆರಿಸುವ ಕ್ರಮ

ದಾವಣಗೆರೆಯ ಪೇಟೆ ಬೀದಿಗಳಲ್ಲಿ ವ್ಯಾಪಾರಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ರೆಡಿಮೇಡ್ ಬಿಲ್ಲಿಂಗ್ ಸಾಫ್ಟ್‌ವೇರ್ ತಗೊಳ್ಳೋಣವಾ, ಇಲ್ಲ ನಮಗೆ ಬೇಕಾದ ಹಾಗೆ ಬರೆಸೋಣವಾ?" ಈಗ ಮೂರನೆಯ ದಾರಿಯೂ ಇದೆ. ಕೋಡ್ ಬರೆಯದೆ ಗೂಗಲ್ ಶೀಟ್, ಆಪ್‌ಶೀಟ್ ತರಹದ ಉಪಕರಣಗಳಲ್ಲಿ ನಾವೇ ಜೋಡಿಸಿಕೊಳ್ಳಬಹುದು. ಈ ಮೂರರಲ್ಲಿ ಯಾವುದಾದರೂ ಒಂದನ್ನೇ ಆರಿಸಬೇಕು ಎಂದುಕೊಳ್ಳುವುದರಿಂದಲೇ ಗೊಂದಲ ಶುರುವಾಗುತ್ತದೆ. ಅಂಗಡಿಯ ಎಲ್ಲಾ ಕೆಲಸವೂ ಒಂದೇ ಜಾತಿಯದಲ್ಲ. ಹಾಗಾಗಿ ಕೆಲಸ ಕೆಲಸಕ್ಕೂ ಉತ್ತರ ಬೇರೆ ಬರುತ್ತದೆ.

ಇಲ್ಲಿ ಒಂದು ಮಾದರಿ ಅಂಗಡಿ ಇಟ್ಟುಕೊಂಡು ನೋಡೋಣ. ಮಂಡಿಪೇಟೆಯಲ್ಲಿ ಹೋಲ್‌ಸೇಲ್ ಕಿರಾಣಿ. ವರ್ಷಕ್ಕೆ ಸುಮಾರು 3 ಕೋಟಿ ವಹಿವಾಟು. ದಿನಕ್ಕೆ ಅರವತ್ತು ಬಿಲ್. ಜಗಳೂರು, ಚನ್ನಗಿರಿ, ಹರಪನಹಳ್ಳಿ ಎಂದು ಮೂರು ಲೈನ್. ಹಳ್ಳಿ ಅಂಗಡಿಗಳಿಗೆ ಉದ್ರಿ ಕೊಡುತ್ತಾರೆ. ಲೈನಿಗೆ ಹೋಗುವ ಹುಡುಗರು ಆರ್ಡರ್ ಬರೆದುಕೊಂಡು, ಹಳೇ ಬಾಕಿ ವಸೂಲಿ ಮಾಡಿಕೊಂಡು ಬರುತ್ತಾರೆ. ಒಳಗೆ ಒಬ್ಬ ಗುಮಾಸ್ತ, ಗಲ್ಲಾಪೆಟ್ಟಿಗೆ ಮೇಲೆ ಸಾಹುಕಾರರು.

ಮೊದಲು: ಒಂದು ವಾರ ಸುಮ್ನೆ ಬರೆದಿಡಿ

ಡೆಮೊಗೆ ಯಾರನ್ನೂ ಕರೆಯುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ. ಒಂದು ವಾರ ಅಂಗಡಿಯಲ್ಲಿ ಯಾರು ಏನನ್ನು ಎಲ್ಲಿ ಬರೆಯುತ್ತಾರೆ ಎಂದು ಗುರುತು ಹಾಕಿ. ಬಿಲ್ ಬುಕ್, ರೋಕಡಿ, ಖಾತೆ ಪುಸ್ತಕ ಎಲ್ಲ ಬರಲಿ. ಲೈನ್ ಹುಡುಗನ ಜೇಬಿನ ಚೀಟಿ, ಸಾಹುಕಾರರ ತಲೆಯಲ್ಲೇ ಇರುವ "ಆ ಅಂಗಡಿಗೆ ಸಕ್ಕರೆ ಎರಡು ರೂಪಾಯಿ ಕಡಿಮೆ" ಎಂಬ ಲೆಕ್ಕವೂ ಬಿಡಬೇಡಿ.

ವಾರದ ಕೊನೆಗೆ ಇದನ್ನು ಎರಡು ಗುಂಪು ಮಾಡಿ. ಸರ್ಕಾರ ಹೇಳಿದ ರೀತಿಯಲ್ಲೇ ಮಾಡಬೇಕಾದ ಕೆಲಸ ಒಂದು ಕಡೆ: ಬಿಲ್, ತೆರಿಗೆ, ಖರೀದಿ, ಖಾತೆ, ರಿಟರ್ನ್. ನಿಮ್ಮ ಅಂಗಡಿ ತನ್ನದೇ ರೀತಿಯಲ್ಲಿ ಮಾಡುವ ಕೆಲಸ ಇನ್ನೊಂದು ಕಡೆ: ಲೈನ್ ಆರ್ಡರ್, ವಸೂಲಿ, ಯಾವ ಊರಿಗೆ ಯಾವ ದಿನ ಗಾಡಿ, ಯಾರಿಗೆ ಎಷ್ಟರವರೆಗೆ ಉದ್ರಿ.

ಮೊದಲನೆಯ ಗುಂಪನ್ನು ಕೊಳ್ಳಿ. ಎರಡನೆಯದನ್ನು ಜೋಡಿಸಿಕೊಳ್ಳಿ. ಬರೆಸುವ ಮಾತು ಆಮೇಲೆ, ಅದೂ ಬಂದರೆ.

ಮೊದಲನೆಯದನ್ನು ಯಾಕೆ ಬರೆಸಬಾರದು? ಆ ನಿಯಮಗಳು ನಿಮ್ಮ ಕೈಯಲ್ಲಿಲ್ಲ, ನಿಮ್ಮನ್ನು ಕೇಳಿ ಬದಲಾಗುವುದೂ ಇಲ್ಲ. 2025ರ ಸೆಪ್ಟೆಂಬರ್ 22ರಂದು ಏನಾಯಿತು ನೋಡಿ. ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ತುಪ್ಪ, ಖಾರದ ಮಿಕ್ಸ್ಚರ್‌ನಂಥವು 12ರಿಂದ 5ಕ್ಕೆ ಬಂದವು. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಮಾತ್ರ 18ರಲ್ಲೇ ಉಳಿಯಿತು. ಸಾವಿರಾರು ಅಂಗಡಿಗಳಿಗೆ ಮಾರುವ ಕಂಪನಿಗೆ ಇಂಥ ಬದಲಾವಣೆಯನ್ನು ಹೊತ್ತಿಗೆ ಸರಿಯಾಗಿ ತರುವುದೇ ಕಸುಬು. ನಿಮಗೊಬ್ಬರಿಗೇ ಬರೆದುಕೊಟ್ಟ ಹುಡುಗ ಆ ವಾರ ಬೆಂಗಳೂರಿನಲ್ಲಿ ಬೇರೆ ಕೆಲಸಕ್ಕೆ ಸೇರಿರುತ್ತಾನೆ.

ಎರಡನೆಯದು: ಕಷ್ಟದ ಬಿಲ್ ಕೊಟ್ಟು ಪರೀಕ್ಷೆ ಮಾಡಿ

ಡೆಮೊ ತೋರಿಸುವವರು ಯಾವಾಗಲೂ ಸುಲಭದ ಬಿಲ್ ಮಾಡಿ ತೋರಿಸುತ್ತಾರೆ. ಐಟಂ ಹಾಕು, ಸಂಖ್ಯೆ ಹಾಕು, ಪ್ರಿಂಟ್. ಅದನ್ನು ಎಲ್ಲ ಸಾಫ್ಟ್‌ವೇರ್‌ಗಳೂ ಮಾಡುತ್ತವೆ. ಟ್ಯಾಲಿ, ಬ್ಯುಸಿ, ಮಾರ್ಗ್, ವ್ಯಾಪಾರ್, ಜೋಹೊ ಬುಕ್ಸ್, ಯಾವುದೇ ಇರಲಿ. ನಿಮ್ಮ ವಾರದ ಪುಸ್ತಕದಿಂದ ಗುಮಾಸ್ತನಿಗೆ ತಲೆನೋವು ತಂದ ಬಿಲ್‌ಗಳನ್ನು ಆರಿಸಿ, ಅದನ್ನೇ ಮಾಡಿ ತೋರಿಸಿ ಅನ್ನಿ. ನಮ್ಮ ಮಾದರಿ ಅಂಗಡಿಯದು ಇದು:

25 ಕೆಜಿ ಅಕ್ಕಿ ಚೀಲ ಎರಡು, ಒಟ್ಟು ರೂ. 3,000. 26 ಕೆಜಿ ಅಕ್ಕಿ ಚೀಲ ಎರಡು, ಅದೂ ರೂ. 3,000. ಸ್ನಾನದ ಸೋಪು ರೂ. 2,000. ಡಿಟರ್ಜೆಂಟ್ ಪುಡಿ ರೂ. 2,000. ಮೇಲೆ ಹಮಾಲಿ ರೂ. 100.

ಅಕ್ಕಿಯಲ್ಲೇ ಮೊದಲ ಮರ್ಮ ಇದೆ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಇದೆ. 25 ಕೆಜಿ ದಾಟಿದರೆ ಇಲ್ಲ. ಅದಕ್ಕೇ ಪೇಟೆಗೆ 26 ಕೆಜಿ ಚೀಲ ಬಂದಿದ್ದು. ಚೀಲ ಬಿಚ್ಚಿ ಕೆಜಿ ಲೆಕ್ಕದಲ್ಲಿ ತೂಗಿ ಕೊಟ್ಟರೂ ತೆರಿಗೆ ಇಲ್ಲ. ಅಂದರೆ ಒಂದೇ ಮಿಲ್ಲಿನ ಒಂದೇ ಸೋನಾ ಮಸೂರಿ, ಸಾಫ್ಟ್‌ವೇರ್‌ನಲ್ಲಿ ಮೂರು ಐಟಂ ಆಗಬೇಕು. 25 ಕೆಜಿ ಚೀಲ ಬಿಚ್ಚಿದಾಗ ಆ ಐಟಂನಲ್ಲಿ ಒಂದು ಚೀಲ ಕಡಿಮೆಯಾಗಿ, ಬಿಡಿ ಅಕ್ಕಿಯಲ್ಲಿ 25 ಕೆಜಿ ಜಾಸ್ತಿಯಾಗುವ ಎಂಟ್ರಿ ಸುಲಭವಾಗಿ ಆಗಬೇಕು. ಇದನ್ನು ಮಾಡಲಾಗದ ಸಾಫ್ಟ್‌ವೇರ್‌ನಲ್ಲಿ ಮೂರು ತಿಂಗಳಲ್ಲಿ ಅಕ್ಕಿ ಸ್ಟಾಕ್ ಮೈನಸ್ ತೋರಿಸಲು ಶುರುವಾಗುತ್ತದೆ.

ಎರಡನೆಯ ಮರ್ಮ ಹಮಾಲಿ. ಕೈಬಿಲ್‌ನಲ್ಲಿ ತೆರಿಗೆ ಎಲ್ಲ ಮುಗಿದ ಮೇಲೆ ಕೆಳಗೆ "ಹಮಾಲಿ 100" ಎಂದು ಬರೆಯುವುದು ನಮ್ಮಲ್ಲಿ ರೂಢಿ. ಆದರೆ ಮಾರುವವರೇ ಬಿಲ್‌ನಲ್ಲಿ ಹಾಕುವ ಇಂಥ ಖರ್ಚು ಸರಕಿನ ಬೆಲೆಯೊಳಗೇ ಸೇರುತ್ತದೆ. ಅದಕ್ಕೂ ತೆರಿಗೆ ಬೀಳುತ್ತದೆ. ಸಾಮಾನ್ಯವಾಗಿ ಐಟಂಗಳ ಬೆಲೆಗೆ ತಕ್ಕಂತೆ ಹಂಚುತ್ತಾರೆ. ಇಲ್ಲಿ ಹತ್ತು ಸಾವಿರಕ್ಕೆ ನೂರು, ಅಂದರೆ ಪ್ರತಿ ಐಟಂಗೂ ನೂರಕ್ಕೆ ಒಂದು ರೂಪಾಯಿ. ಹಂಚಿದ ಮೇಲೆ ಲೆಕ್ಕ ಹೀಗೆ ಬರಬೇಕು:

25 ಕೆಜಿ ಅಕ್ಕಿ 3,030ಕ್ಕೆ ಶೇ. 5ರಂತೆ 151.50. 26 ಕೆಜಿ ಅಕ್ಕಿ 3,030ಕ್ಕೆ ಏನೂ ಇಲ್ಲ. ಸೋಪು 2,020ಕ್ಕೆ ಶೇ. 5ರಂತೆ 101. ಡಿಟರ್ಜೆಂಟ್ 2,020ಕ್ಕೆ ಶೇ. 18ರಂತೆ 363.60. ತೆರಿಗೆ ಒಟ್ಟು 616.10. ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು, ತಲಾ 308.05. ಬಿಲ್ ಮೊತ್ತ 10,716.10, ಸರಿಮಾಡಿದರೆ 10,716.

ಸಾಫ್ಟ್‌ವೇರ್ 10,710 ಎಂದು ತೋರಿಸಿದರೆ ಅದು ಹಮಾಲಿಯನ್ನು ತೆರಿಗೆಯ ಹೊರಗೆ ಇಟ್ಟಿದೆ ಎಂದರ್ಥ. ಆರು ರೂಪಾಯಿ ಹತ್ತು ಪೈಸೆ ಏನು ಮಹಾ ಅನಿಸಬಹುದು. ದಿನಕ್ಕೆ ಅರವತ್ತು ಬಿಲ್, ವರ್ಷಪೂರ್ತಿ ಅದೇ ತಪ್ಪು ಎಂದು ಲೆಕ್ಕ ಹಾಕಿ. ಸರಿಯಾದ ಉತ್ತರ ಬರುವ ಸೆಟಿಂಗ್ ಇದೆಯಾ ಎಂದು ಅಲ್ಲೇ ಕೇಳಿ. ಹಲವು ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ, ಹಾಕಿರುವುದಿಲ್ಲ ಅಷ್ಟೇ. ಹಂಚುವ ರೀತಿಯನ್ನು ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಒಪ್ಪಿಸಿಕೊಳ್ಳಿ.

ಮೂರನೆಯ ಪರೀಕ್ಷೆಗೆ ಎರಡು ನಿಮಿಷ ಸಾಕು, ಆದರೆ ಇದನ್ನು ಯಾರೂ ಮಾಡುವುದಿಲ್ಲ. ಸೋಪಿನ ತೆರಿಗೆ ಶೇ. 18 ಎಂದು ಇಟ್ಟು ಒಂದು ಬಿಲ್ ಮಾಡಿಸಿ. ಆಮೇಲೆ ಐಟಂ ಪಟ್ಟಿಯಲ್ಲಿ ಅದನ್ನು 5ಕ್ಕೆ ಬದಲಾಯಿಸಿ. ಈಗ ಹಳೇ ಬಿಲ್ ತೆರೆಯಿರಿ. ಅದರಲ್ಲಿ 18 ಹಾಗೇ ಇರಬೇಕು. ಹಳೇ ಬಿಲ್ಲೂ 5 ಆಗಿಬಿಟ್ಟರೆ ಆ ಸಾಫ್ಟ್‌ವೇರ್ ಬೇಡವೇ ಬೇಡ. ಸೆಪ್ಟೆಂಬರ್ 10ಕ್ಕೆ ಶೇ. 18 ಹಾಕಿ ಮಾರಿದ ಸೋಪು ಅಕ್ಟೋಬರ್‌ನಲ್ಲಿ ವಾಪಸ್ ಬಂದಿದ್ದರೆ, ಕ್ರೆಡಿಟ್ ನೋಟ್ ಹಳೇ ಬಿಲ್ಲಿನ 18ರಲ್ಲೇ ಆಗಬೇಕು. ಅದಕ್ಕೆ ಹಳೇ ಬಿಲ್ ಮುಟ್ಟದೆ ಉಳಿದಿರಬೇಕು, ಅಲ್ವಾ?

ಉದ್ರಿ ಅಂಗಡಿಗೆ ಇನ್ನೊಂದು ಪರೀಕ್ಷೆ ಬೇಕು. ಹಳ್ಳಿ ಅಂಗಡಿಯವರು ಬಿಲ್ ಬಿಲ್ ಲೆಕ್ಕ ಚುಕ್ತಾ ಮಾಡುವುದಿಲ್ಲ. "ಈ ವಾರ ಐದು ಸಾವಿರ ಇಟ್ಕೊಳ್ಳಿ" ಅನ್ನುತ್ತಾರೆ. ಮೂರು ಬಿಲ್ ಬಾಕಿ ಇದ್ದಾಗ ಆ ಐದು ಸಾವಿರ ಹಳೇ ಬಿಲ್‌ನಿಂದ ಹಿಡಿದು ಮುಂದಕ್ಕೆ ಜಮಾ ಆಗಬೇಕು. ಯಾವ ಬಿಲ್ ಎಷ್ಟು ದಿನದಿಂದ ನಿಂತಿದೆ ಎಂಬ ಪಟ್ಟಿ ಬರಬೇಕು.

ಮೂರನೆಯದು: ಕೊಳ್ಳುವ ಮೊದಲು ಕೇಳಬೇಕಾದದ್ದು

ಬೆಲೆಗಿಂತ ಮೊದಲು ಒಂದು ಪ್ರಶ್ನೆ ಇದೆ. ವರ್ಷದ ಚಂದಾ ಕಟ್ಟದೆ ಬಿಟ್ಟರೆ ನನ್ನ ಹಳೇ ಲೆಕ್ಕ ನನಗೆ ಕಾಣುತ್ತದಾ? ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಸಾಫ್ಟ್‌ವೇರ್ ಬಿಟ್ಟು ಬೇರೆಗೆ ಹೋದರೂ ಈ ಹೊಣೆ ನಿಮ್ಮದೇ. ಹಾಗಾಗಿ ಬಿಲ್‌ಗಳು, ಖಾತೆ, ಸ್ಟಾಕ್ ಎಲ್ಲವನ್ನೂ ಎಕ್ಸೆಲ್‌ಗೆ ತೆಗೆಯುವುದನ್ನು ನಿಮ್ಮ ಕಣ್ಣೆದುರೇ ಮಾಡಿ ತೋರಿಸಲಿ. ಬರೀ ಪಿಡಿಎಫ್ ಕೊಟ್ಟರೆ ಸಾಲದು. ಪಿಡಿಎಫ್‌ನಿಂದ ಇನ್ನೊಂದು ಸಾಫ್ಟ್‌ವೇರ್‌ಗೆ ಸಾಗಿಸುವುದು ನರಕ.

ಎರಡನೆಯದು ಪ್ರಿಂಟರ್ ಮತ್ತು ಕನ್ನಡ. ಚಿಕ್ಕ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಸಾಫ್ಟ್‌ವೇರ್ ಬಿಲ್ಲನ್ನು ಚಿತ್ರದ ರೂಪದಲ್ಲಿ ಕಳಿಸಿದರೆ ಮಾತ್ರ ಕನ್ನಡ ಸರಿಯಾಗಿ ಬೀಳುತ್ತದೆ. ಇಲ್ಲದಿದ್ದರೆ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತದೆ. ನಿಮ್ಮದೇ ಪ್ರಿಂಟರ್‌ನಲ್ಲಿ "ತೊಗರಿಬೇಳೆ" ಎಂದು ಪ್ರಿಂಟ್ ಮಾಡಿಸಿ ನೋಡಿ. ಗುಮಾಸ್ತನ ಹತ್ತಿರ ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಐಟಂ ಪಟ್ಟಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಹಾಗೇ ಅಂಟಿಸಿದರೆ ಹುಡುಕಿದಾಗ ಒಂದು ಐಟಮ್ಮೂ ಸಿಗುವುದಿಲ್ಲ.

ಇಂಟರ್ನೆಟ್ ಹೋದಾಗ ಬಿಲ್ ಆಗುತ್ತದಾ ಎಂದು ಬಾಯಲ್ಲಿ ಕೇಳಬೇಡಿ. ವೈಫೈ ಆಫ್ ಮಾಡಿ ನೋಡಿ.

ನಮ್ಮ ಮಾದರಿ ಅಂಗಡಿಗೆ ಇ-ಇನ್‌ವಾಯ್ಸ್ ಬೇಕಿಲ್ಲ, ಅದು 5 ಕೋಟಿ ದಾಟಿದವರಿಗೆ. ಒಂದೂವರೆ ಕೋಟಿ ದಾಟಿರುವುದರಿಂದ ಕಾಂಪೊಸಿಷನ್‌ನಲ್ಲೂ ಇರುವಂತಿಲ್ಲ. ನೀವು ಕಾಂಪೊಸಿಷನ್‌ನಲ್ಲಿರುವ ಚಿಕ್ಕ ಅಂಗಡಿಯಾದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ನಿಮ್ಮದು ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ. ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಇದೆಯಾ ನೋಡಿ.

ನಾಲ್ಕನೆಯದು: ಲೈನ್ ವಸೂಲಿಯನ್ನು ಜೋಡಿಸಿಕೊಳ್ಳುವುದು

"ನಮಗೆ ಬರೆಸಲೇಬೇಕು" ಎಂದು ಅನಿಸುವುದು ಇಲ್ಲಿ. ರೆಡಿಮೇಡ್ ಸಾಫ್ಟ್‌ವೇರ್ ಕೌಂಟರ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಲೈನಿಗೆ ಹೋದ ಹುಡುಗನಿಗೆ ಮಾತ್ರ ಅದು ಒಗ್ಗುವುದಿಲ್ಲ. ಅವನಿಗೆ ಬೇಕಿರುವುದು ಚಿಕ್ಕದು. ಈ ಅಂಗಡಿಯ ಬಾಕಿ ಎಷ್ಟು, ಇವತ್ತು ಎಷ್ಟು ಕೊಟ್ಟರು, ಏನು ಬೇಕಂತೆ. ಇದಕ್ಕೆ ಗೂಗಲ್ ಶೀಟ್, ಅದರ ಮೇಲೆ ಆಪ್‌ಶೀಟ್‌ನಲ್ಲಿ ಮಾಡಿದ ಒಂದು ಮೊಬೈಲ್ ಆ್ಯಪ್ ಸಾಕು.

ಶೀಟ್ ಶುರು ಮಾಡುವಾಗಲೇ ಅಂಗಡಿಯ ಹೆಸರಿನ ಜಿಮೇಲ್ ಖಾತೆಯಲ್ಲಿ ಮಾಡಿ. ಗುಮಾಸ್ತನದ್ದೋ, ಅಳಿಯನದ್ದೋ ಖಾತೆಯಲ್ಲಿ ಮಾಡಿದರೆ ಅವರು ಹೋದ ದಿನ ಲೆಕ್ಕವೂ ಹೋಗುತ್ತದೆ.

ಮೂರು ಹಾಳೆ ಬೇಕು. Shops ಹಾಳೆಯಲ್ಲಿ ಅಂಗಡಿ ಕೋಡ್, ಹೆಸರು, ಲೈನ್, ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ತಂದ ಬಾಕಿ. Orders ಹಾಳೆಯಲ್ಲಿ ಆರ್ಡರ್. Collect ಹಾಳೆಯಲ್ಲಿ ವಸೂಲಿ. Collect ಹಾಳೆಯ ಕಾಲಂಗಳು ಕ್ರಮವಾಗಿ: A ಗುರುತು ಸಂಖ್ಯೆ, B ಅಂಗಡಿ ಕೋಡ್, C ದಿನಾಂಕ, D ಮೊತ್ತ, E ನಗದೋ ಯುಪಿಐಯೋ, F ಖಾತೆಗೆ ಏರಿತೋ ಇಲ್ಲವೋ, G ಸಾಫ್ಟ್‌ವೇರ್‌ನ ರಸೀದಿ ನಂಬರ್. ಹುಡುಗ ಎಂಟ್ರಿ ಮಾಡಿದಾಗ F ತಾನಾಗೇ N ಆಗಿರುತ್ತದೆ. ಸಂಜೆ ಗುಮಾಸ್ತ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ರಸೀದಿ ಮಾಡಿ, ನಂಬರ್ ಬರೆದು, F ಅನ್ನು Y ಮಾಡುತ್ತಾನೆ.

Shops ಹಾಳೆಯಲ್ಲಿ A ಅಂಗಡಿ ಕೋಡ್, D ಸಾಫ್ಟ್‌ವೇರ್‌ನ ಬಾಕಿ ಆದರೆ, E ಯಲ್ಲಿ ಈಗಿನ ಬಾಕಿ ಹೀಗೆ:

```
=D2-SUMIFS(Collect!D:D, Collect!B:B, A2, Collect!F:F, "N")
```

ಖಾತೆಗೆ ಇನ್ನೂ ಏರದ ವಸೂಲಿಯನ್ನು ಮಾತ್ರ ಇದು ಕಳೆಯುತ್ತದೆ. ಏರಿದ್ದು ಸಾಫ್ಟ್‌ವೇರ್‌ನ ಬಾಕಿಯಲ್ಲೇ ಕಡಿಮೆಯಾಗಿರುತ್ತದೆ. ಹೀಗಾಗಿ ನಿಜವಾದ ಖಾತೆ ಒಂದೇ ಕಡೆ, ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ. ಶೀಟ್‌ನಲ್ಲೇ ಪೂರ್ತಿ ಖಾತೆ ಇಡಲು ಹೋದರೆ ಎರಡು ಖಾತೆ ಆಗುತ್ತವೆ. ಯಾವುದು ಸರಿ ಎಂದು ಪ್ರತಿ ಅಮಾವಾಸ್ಯೆಗೂ ಜಗಳ.

ಒಂದು ಎಚ್ಚರ. Y ಹಾಕುವುದು ಮತ್ತು ಸಾಫ್ಟ್‌ವೇರ್‌ನಿಂದ ಹೊಸ ಬಾಕಿ ಪಟ್ಟಿ ತಂದು D ಕಾಲಂಗೆ ಅಂಟಿಸುವುದು, ಎರಡೂ ಒಂದೇ ಹೊತ್ತಿಗೆ ಆಗಬೇಕು. Y ಹಾಕಿ ಪಟ್ಟಿ ಅಂಟಿಸದೇ ಬಿಟ್ಟರೆ, ಕೊಟ್ಟ ದುಡ್ಡು ಮಾಯವಾಗಿ ಹಳೇ ಬಾಕಿ ಮತ್ತೆ ಕಾಣುತ್ತದೆ. ಮರುದಿನ ಜಗಳೂರಿನ ಅಂಗಡಿಯವರು "ನಿನ್ನೆ ತಾನೇ ಕೊಟ್ಟಿದ್ದೀನಲ್ಲಪ್ಪಾ" ಎಂದು ಕೂಗಾಡುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ಅಂಟಿಸುವಾಗಲೂ ಅಂಗಡಿ ಕೋಡ್ ಕ್ರಮ ತಪ್ಪದಿರಲಿ. ಒಂದು ಸಾಲು ಜರುಗಿದರೆ ಒಬ್ಬರ ಬಾಕಿ ಇನ್ನೊಬ್ಬರಿಗೆ ಹೋಗುತ್ತದೆ.

ಆಪ್‌ಶೀಟ್‌ನಲ್ಲಿ ಎರಡು ಸೆಟಿಂಗ್ ಮರೆಯಬೇಡಿ. ಗುರುತು ಸಂಖ್ಯೆಯ ಕಾಲಂನಲ್ಲಿ Initial value ಎಂಬ ಜಾಗಕ್ಕೆ `UNIQUEID()` ಕೊಡಿ. ಸಾಲಿನ ಸಂಖ್ಯೆಯನ್ನೇ ಗುರುತು ಮಾಡಿದರೆ, ಯಾರೋ ನಡುವಿನ ಸಾಲು ಅಳಿಸಿದಾಗ ಎಲ್ಲ ಕಲಸುಮೇಲೋಗರ. ಎರಡನೆಯದು, Shops ಹಾಳೆಯಲ್ಲಿ ಲೈನ್ ಹುಡುಗನ ಇಮೇಲ್‌ಗೆ LineEmail ಎಂದೊಂದು ಕಾಲಂ ಇಟ್ಟು, ಸೆಕ್ಯೂರಿಟಿ ಫಿಲ್ಟರ್‌ನಲ್ಲಿ ಇದನ್ನು ಹಾಕಿ:

```
[LineEmail] = USEREMAIL()
```

ಆಗ ಚನ್ನಗಿರಿ ಲೈನಿನವನಿಗೆ ಚನ್ನಗಿರಿ ಅಂಗಡಿಗಳು ಮಾತ್ರ ಕಾಣುತ್ತವೆ. ಕೆಲಸ ಬಿಟ್ಟು ಎದುರು ಅಂಗಡಿ ಸೇರಿದವನ ಫೋನ್‌ನಲ್ಲಿ ನಿಮ್ಮ ಎಲ್ಲ ಗಿರಾಕಿಗಳ ಬಾಕಿ ಪಟ್ಟಿ ಇರುವುದಿಲ್ಲ. ಅವನ ಇಮೇಲ್ ತೆಗೆಯುವುದು ಲೆಕ್ಕ ಚುಕ್ತಾ ಮಾಡುವ ದಿನದ ಮೊದಲ ಕೆಲಸವಾಗಲಿ.

ತಪ್ಪಾಗಿ ಹಾಕಿದ ವಸೂಲಿಯನ್ನು ಅಳಿಸುವ ಅಧಿಕಾರ ಹುಡುಗರಿಗೆ ಕೊಡಬೇಡಿ. 5,000 ಬದಲು 50,000 ಎಂದು ಒತ್ತಿದರೆ, ಮೈನಸ್ 45,000ದ ಇನ್ನೊಂದು ಎಂಟ್ರಿ ಬರಲಿ. ದಿನದ ಕೊನೆಗೆ ನಗದು ಎಂಟ್ರಿಗಳ ಮೊತ್ತ ಕೈಯಲ್ಲಿರುವ ನೋಟಿಗೆ, ಯುಪಿಐ ಎಂಟ್ರಿಗಳ ಮೊತ್ತ ಬ್ಯಾಂಕಿಗೆ ಹೊಂದಬೇಕು. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಎಂಟ್ರಿ ಫೋನ್‌ನಲ್ಲೇ ಉಳಿದು, ಸಿಗ್ನಲ್ ಬಂದ ಮೇಲೆ ಹೋಗುತ್ತದೆ. ಹಾಗಾಗಿ ಸಂಜೆ ತಾಳೆ ನೋಡುವ ಮೊದಲು ಎಲ್ಲರೂ ಸಿಂಕ್ ಒತ್ತಿದ್ದಾರಾ ನೋಡಿ. "ನಗದು ಜಾಸ್ತಿ, ಶೀಟ್ ಕಡಿಮೆ" ಬಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ, ಹುಡುಗನ ಮೇಲೆ ಬೇಡ.

ಇದಕ್ಕೂ ಮಿತಿ ಇದೆ. ಆಪ್‌ಶೀಟ್‌ಗೆ ಪರೀಕ್ಷೆಯ ಹಂತ ದಾಟಿದ ಮೇಲೆ ಒಬ್ಬೊಬ್ಬ ಬಳಕೆದಾರನಿಗೂ ತಿಂಗಳ ಲೆಕ್ಕದಲ್ಲಿ ದುಡ್ಡು. ಮೂರು ಹುಡುಗರು, ಒಬ್ಬ ಗುಮಾಸ್ತನಿಗೆ ಅದು ಭಾರವಲ್ಲ. ಮೂವತ್ತು ಜನರಿದ್ದರೆ ಯೋಚಿಸಬೇಕು. ಇದರಲ್ಲಿ ಬಿಲ್ ಮಾತ್ರ ಮಾಡಬೇಡಿ. ಬಿಲ್ ನಂಬರ್ ಆ ಆರ್ಥಿಕ ವರ್ಷದಲ್ಲಿ ಒಂದಾದ ಮೇಲೊಂದು, ಎಲ್ಲೂ ಎರಡು ಸಲ ಬರದಂತೆ, 16 ಅಕ್ಷರದೊಳಗೆ ಇರಬೇಕು ಎಂದು ನಿಯಮ. ನೆಟ್ ಇಲ್ಲದೆ ಇಬ್ಬರು ಹುಡುಗರು ಬೇರೆ ಬೇರೆ ಊರಲ್ಲಿ ಏಕಕಾಲಕ್ಕೆ ಬಿಲ್ ಮಾಡಿದರೆ ಇಬ್ಬರಿಗೂ ಒಂದೇ ನಂಬರ್ ಬರುವುದು ಖಂಡಿತ.

ಐದನೆಯದು: ಬರೆಸುವುದು ಯಾವಾಗ

ಈಗ ಗುಮಾಸ್ತ ಹೇಳುತ್ತಾನೆ: "ಸಾರ್, ದಿನಾ ಇಪ್ಪತ್ತೈದು ರಸೀದಿ ಶೀಟ್ ನೋಡಿ ಮತ್ತೆ ಸಾಫ್ಟ್‌ವೇರ್‌ಗೆ ಹಾಕಬೇಕು. ಎರಡು ಸಲ ಕೆಲಸ." ಯಾರೋ ಬಂದು 80,000 ರೂಪಾಯಿಗೆ ಎರಡನ್ನೂ ಜೋಡಿಸಿಕೊಡುತ್ತೇನೆ ಅನ್ನುತ್ತಾರೆ. ಕೊಡಬೇಕೋ?

ಲೆಕ್ಕ ಹಾಕಿ. ಒಂದು ರಸೀದಿಗೆ ಒಂದು ನಿಮಿಷ, ದಿನಕ್ಕೆ 25 ನಿಮಿಷ. ತಿಂಗಳಿಗೆ 26 ದಿನಕ್ಕೆ ಸುಮಾರು 11 ಗಂಟೆ. ಗುಮಾಸ್ತನ ಸಂಬಳ 15,000, ಕೆಲಸದ ಹೊತ್ತು 208 ಗಂಟೆ ಎಂದರೆ ಗಂಟೆಗೆ 72 ರೂಪಾಯಿ. ತಿಂಗಳಿಗೆ 800 ರೂಪಾಯಿಯೊಳಗೆ, ವರ್ಷಕ್ಕೆ ಸುಮಾರು 9,400. ಅಸಲು ಹುಟ್ಟಲು ಎಂಟೂವರೆ ವರ್ಷ, ಅದೂ ನಡುವೆ ರಿಪೇರಿಗೆ ಒಂದು ರೂಪಾಯಿಯೂ ಬೀಳದಿದ್ದರೆ. ಈ ಅಂಗಡಿಗೆ ಬೇಡ.

ದಿನಕ್ಕೆ ಇನ್ನೂರೈವತ್ತು ರಸೀದಿ ಇರುವ ಅಂಗಡಿಯಲ್ಲಿ ಇದೇ ಲೆಕ್ಕ ವರ್ಷಕ್ಕೆ 94,000ದ ಹತ್ತಿರ ಬರುತ್ತದೆ. ಅಲ್ಲಿ ಬರೆಸುವುದು ಸರಿ. ಆದರೂ ಬಿಲ್ಲಿಂಗ್ ಬರೆಸಬೇಡಿ, ನಡುವಿನ ಸೇತುವೆಯನ್ನು ಮಾತ್ರ ಬರೆಸಿ. ಟ್ಯಾಲಿಗೆ ಹೊರಗಿನಿಂದ ಎಕ್ಸ್‌ಎಂಎಲ್ ರೂಪದಲ್ಲಿ ವೋಚರ್ ಕಳಿಸಬಹುದು. ಬೇರೆಯವುಗಳಲ್ಲೂ ಎಕ್ಸೆಲ್‌ನಿಂದ ಎಂಟ್ರಿ ತೆಗೆದುಕೊಳ್ಳುವ ದಾರಿ ಇದೆಯಾ ಎಂದು ಮೊದಲೇ ಕೇಳಿರಬೇಕು. ಎಷ್ಟೋ ಸಲ ಆ ಎಕ್ಸೆಲ್ ದಾರಿಯೇ ಸಾಕಾಗಿ, ಬರೆಸುವ ಮಾತೇ ಬಿದ್ದುಹೋಗುತ್ತದೆ.

ಇನ್ನೊಂದು ಷರತ್ತೂ ಹಾಕಿಕೊಳ್ಳಿ. ಶೀಟ್ ಕನಿಷ್ಠ ಒಂದು ವರ್ಷ ನಡೆದಿರಲಿ. ದೀಪಾವಳಿ, ಯುಗಾದಿ, ಮಾರ್ಚ್ ಕೊನೆ ಮೂರನ್ನೂ ಕಂಡಿರಲಿ. ಆ ಹೊತ್ತಿಗೆ ಎಷ್ಟು ಕಾಲಂ ಸೇರಿಸಿದ್ದೀರಿ, ಎಷ್ಟು ಬಿಟ್ಟಿದ್ದೀರಿ ಎಂಬುದೇ ಬರೆಯುವವರಿಗೆ ಕೊಡಬಹುದಾದ ಒಳ್ಳೆಯ ವಿವರಣೆ. ಕೆಲಸ ಇನ್ನೂ ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಶೀಟ್‌ನಲ್ಲೇ ಇರಲಿ. ಶೀಟ್‌ನಲ್ಲಿ ಬದಲಾವಣೆ ಅರ್ಧ ಗಂಟೆಯ ಕೆಲಸ, ಬರೆಸಿದ್ದರಲ್ಲಿ ಅದಕ್ಕೊಂದು ಹೊಸ ಕೊಟೇಶನ್ ಬರುತ್ತದೆ.

ನಮ್ಮೂರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಇರುವುದರಿಂದ ಕಡಿಮೆ ದುಡ್ಡಿಗೆ ಬರೆದುಕೊಡುವ ಬುದ್ಧಿವಂತ ಹುಡುಗ ಹುಡುಗಿಯರು ಸಿಗುತ್ತಾರೆ. ಬರೆಸಿ, ತಪ್ಪೇನಿಲ್ಲ. ಆದರೆ ಕೊನೇ ಸೆಮಿಸ್ಟರ್ ಮುಗಿದ ಮೇಲೆ ಅವರು ಇಲ್ಲಿರುವುದಿಲ್ಲ ಎಂದೇ ತಿಳಿದು ಕರಾರು ಮಾಡಿ. ಸೋರ್ಸ್ ಕೋಡ್, ಡೊಮೇನ್, ಸರ್ವರ್ ಖಾತೆ, ಪಾಸ್‌ವರ್ಡ್ ಎಲ್ಲವೂ ಮೊದಲ ದಿನದಿಂದ ಅಂಗಡಿಯ ಇಮೇಲ್‌ನಲ್ಲಿರಲಿ. ದುಡ್ಡು ಮೂರು ಕಂತಿನಲ್ಲಿ. ಕೊನೇ ಕಂತು ಕೊಡುವ ಮೊದಲು, ಅವರು ಬಿಟ್ಟು ಬೇರೆ ಯಾರಾದರೂ ಆ ಕೋಡ್ ಹಿಡಿದು ಹೊಸ ಕಂಪ್ಯೂಟರ್‌ನಲ್ಲಿ ನಡೆಸಿ ತೋರಿಸಬೇಕು. ಈ ಒಂದು ಷರತ್ತಿಗೆ ಒಪ್ಪದವರಿಗೆ ಕೆಲಸ ಕೊಡಬೇಡಿ.

ಆರನೆಯದು: ಬದಲಾಯಿಸುವ ದಿನ

ಏಪ್ರಿಲ್ 1 ಒಳ್ಳೆಯ ದಿನ. ಬಿಲ್ ನಂಬರ್ ಹೇಗೂ ಹೊಸದಾಗಿ ಶುರುವಾಗುತ್ತದೆ. ಮಾರ್ಚ್ 31ರ ರಾತ್ರಿ ಗೋಡೌನ್ ಎಣಿಸಿ ಸ್ಟಾಕ್ ಹಾಕಿ. ಪುಸ್ತಕದಲ್ಲಿರುವ ಸ್ಟಾಕನ್ನು ಹಾಗೇ ಏರಿಸಬೇಡಿ. ಹಳ್ಳಿ ಅಂಗಡಿಗಳ ಬಾಕಿಯನ್ನು ಮಾರ್ಚ್ ಕೊನೇ ವಾರದ ಲೈನಿನಲ್ಲೇ ಒಂದೊಂದಾಗಿ ಓದಿ ಹೇಳಿ, ಅವರ ಸಹಿ ಹಾಕಿಸಿಕೊಂಡು ಬನ್ನಿ. ಬಾಕಿಯ ಒಟ್ಟು ಮೊತ್ತ ಏರಿಸಿದರೆ ಸಾಲದು. ಬಿಲ್ ಬಿಲ್ ಬೇರೆಯಾಗಿ, ಹಳೇ ದಿನಾಂಕದೊಂದಿಗೆ ಏರಿಸಿ. ಇಲ್ಲದಿದ್ದರೆ ಎಷ್ಟು ದಿನದ ಬಾಕಿ ಎಂಬ ಪಟ್ಟಿಯಲ್ಲಿ ಎಲ್ಲವೂ ಏಪ್ರಿಲ್ 1ರದ್ದೇ ಎಂದು ತೋರಿಸುತ್ತದೆ.

ಕರೆಂಟ್ ಹೋದ ದಿನಕ್ಕೆ ಒಂದು ಕೈಬಿಲ್ ಬುಕ್ ಇರಲಿ, ಅದಕ್ಕೆ ಬೇರೆಯದೇ ಸರಣಿ. ಕಂಪ್ಯೂಟರ್ ಬಿಲ್ A/1 ಆದರೆ ಅದು H/1. ಅದರ ಬಿಲ್‌ಗಳನ್ನು ಅದೇ ನಂಬರ್‌ನಲ್ಲಿ ಸಂಜೆಯೇ ಏರಿಸಿ. ರದ್ದಾದ ನಂಬರ್‌ಗಳನ್ನೂ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕಾಗುತ್ತದೆ, ಹಾಗಾಗಿ ಹಾಳಾದ ಹಾಳೆಯನ್ನು ಹರಿದು ಬಿಸಾಡಬೇಡಿ.

ಮೊದಲ ತಿಂಗಳು ಮುಗಿದಾಗ ಸಾಫ್ಟ್‌ವೇರ್ ಕೊಡುವ ಜಿಎಸ್‌ಟಿಆರ್-1ರ ಮೊತ್ತವನ್ನು ಮಾರಾಟ ಖಾತೆಯ ಮೊತ್ತಕ್ಕೆ ಹಿಡಿದು ನೋಡಿ. ವ್ಯತ್ಯಾಸ ಬಂದರೆ ಮೊದಲು ಹಮಾಲಿ ನೋಡಿ, ಆಮೇಲೆ 25 ಕೆಜಿ ಅಕ್ಕಿ, ಆಮೇಲೆ ವಾಪಸ್ ಬಂದ ಸರಕಿನ ಕ್ರೆಡಿಟ್ ನೋಟ್.